ಎರಡು ರೂಪಾಯಿಯ ಕಡಿತ: ಕಾರ್ಡನ್ನು ಮೊದಲ ಸಲ ಸೇವ್ ಮಾಡುವಾಗ ಏನೇನು ನಡೆಯುತ್ತದೆ

ಶಿವಮೊಗ್ಗದಲ್ಲಿರುವ ನನ್ನ ಚಿಕ್ಕಮ್ಮ ಮಗನ ಮನೆಗೆಂದು ಬೆಂಗಳೂರಿಗೆ ಹೊರಟಾಗ, ಟ್ಯಾಕ್ಸಿ ಆ್ಯಪ್ ಒಂದರಲ್ಲಿ ತಮ್ಮ ಡೆಬಿಟ್ ಕಾರ್ಡನ್ನು ಸೇವ್ ಮಾಡಿಟ್ಟುಕೊಳ್ಳಲು ಕುಳಿತರು. ಇನ್ನೂ ಟ್ಯಾಕ್ಸಿ ಕರೆಸಿರಲಿಲ್ಲ, ಏನನ್ನೂ ಕೊಂಡಿರಲಿಲ್ಲ, ಆದರೂ ಬ್ಯಾಂಕಿನಿಂದ ಎರಡು ರೂಪಾಯಿ ಕಡಿತವಾಗಿದೆ ಎಂಬ ಸಂದೇಶ ಬಂತು. "ಎರಡು ರೂಪಾಯಿ ದೊಡ್ಡದಲ್ಲ ಕಣೋ, ಆದರೆ ಕೇಳದೇ ಯಾಕೆ ತಗೊಂಡರು?" ಎಂದು ಅವರು ಫೋನಿನಲ್ಲಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆ ಸಂಜೆ ಅವರ ಕಾರ್ಡ್ ಮೂರು ಬಾರಿ ಪ್ರಯತ್ನಿಸಿದ ಮೇಲಷ್ಟೇ ಸೇವ್ ಆಯಿತು. ಆ ಮೂರೂ ಪ್ರಯತ್ನಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಈ ಚಿಕ್ಕ ಮೊತ್ತ ಯಾವುದನ್ನು ಪರೀಕ್ಷಿಸುತ್ತದೆ, ಯಾವುದನ್ನು ಪರೀಕ್ಷಿಸುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಆರಂಭಿಸುವ ಮೊದಲು: ಆನ್‌ಲೈನ್ ಸ್ವಿಚ್

ಚಿಕ್ಕಮ್ಮನ ಮೊದಲ ಪ್ರಯತ್ನ ವಿಫಲವಾದದ್ದು ಬಹಳ ಸಾಮಾನ್ಯವಾದ ಒಂದು ಕಾರಣಕ್ಕೆ. ಅವರ ಕಾರ್ಡ್ ಎಟಿಎಂ ಬಿಟ್ಟರೆ ಬೇರೆಲ್ಲೂ ಬಳಕೆಯಾಗಿರಲಿಲ್ಲ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಹೊಸದಾಗಿ ಕೊಡುವ ಕಾರ್ಡ್ ಆರಂಭದಲ್ಲಿ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯಗಳನ್ನು ಕಾರ್ಡುದಾರರು ತಾವಾಗಿಯೇ ತೆರೆಯಬೇಕು. ಅಲ್ಲಿಯವರೆಗೆ ಒಮ್ಮೆಯೂ ಆನ್‌ಲೈನ್‌ನಲ್ಲಿ ಬಳಸದಿದ್ದ ಹಳೆಯ ಕಾರ್ಡುಗಳಲ್ಲಿಯೂ ಆ ಸೌಲಭ್ಯವನ್ನು ಮುಚ್ಚಬೇಕೆಂದು ಅದೇ ಸುತ್ತೋಲೆ ಹೇಳಿತು.

ಆದ್ದರಿಂದ ಕಾರ್ಡ್ ಸಂಖ್ಯೆಯನ್ನು ಟೈಪ್ ಮಾಡುವುದಕ್ಕಿಂತ ಮುಂಚೆ ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು, ಕಾರ್ಡುಗಳ ವಿಭಾಗಕ್ಕೆ ಹೋಗಿ, ಆನ್‌ಲೈನ್ ವ್ಯವಹಾರದ ಸ್ವಿಚ್ ಆನ್ ಆಗಿದೆಯೇ ಎಂದು ನೋಡಿಕೊಳ್ಳಿ. ಅದರ ಪಕ್ಕದಲ್ಲೇ ದಿನದ ಮಿತಿಯನ್ನು ನಿಗದಿಪಡಿಸುವ ಜಾಗವೂ ಇರುತ್ತದೆ. ಮಿತಿ ಸೊನ್ನೆ ಎಂದಿದ್ದರೆ ಸ್ವಿಚ್ ಆನ್ ಇದ್ದರೂ ಎರಡು ರೂಪಾಯಿ ಸಹ ಹೊರಗೆ ಹೋಗುವುದಿಲ್ಲ. ಟ್ಯಾಕ್ಸಿ, ದಿನಸಿಯಂಥ ಬಳಕೆಗೆ ಎರಡು ಅಥವಾ ಮೂರು ಸಾವಿರದ ಮಿತಿ ಸಾಕೆಂಬುದು ನನ್ನ ಅಭಿಪ್ರಾಯ. ಹೆಚ್ಚಿನದು ಬೇಕಾದ ದಿನ ಏರಿಸಿಕೊಳ್ಳಬಹುದು. ಸ್ವಿಚ್ ಆನ್ ಮಾಡಲು ಚಿಕ್ಕಮ್ಮನಿಗೆ ಒಂದು ನಿಮಿಷ ಹಿಡಿಯಿತು, ಆ ಸ್ವಿಚ್ ಇದೆ ಎಂದು ತಿಳಿಯಲು ಇಪ್ಪತ್ತು ನಿಮಿಷ.

ಸಂಖ್ಯೆಯನ್ನು ನಮೂದಿಸುವುದು

ಎರಡನೆಯ ಪ್ರಯತ್ನದಲ್ಲಿ ಅವರು ಹದಿನಾರು ಅಂಕಿಗಳಲ್ಲಿ ಒಂದನ್ನು ತಪ್ಪಾಗಿ ಒತ್ತಿದರು, ಆ ಪೆಟ್ಟಿಗೆ ತಕ್ಷಣ ಕೆಂಪಾಯಿತು. ಬ್ಯಾಂಕಿಗೆ ಇನ್ನೂ ಸುದ್ದಿಯೇ ಹೋಗಿರಲಿಲ್ಲ. ಆ್ಯಪ್‌ಗೆ ತಪ್ಪು ಗೊತ್ತಾದದ್ದು ಹೇಗೆಂದರೆ, ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಉಳಿದ ಅಂಕಿಗಳ ಮೇಲೆ ಕಾವಲಿಗೆ ಕೂತ ತಾಳೆಯ ಅಂಕಿ. ಬಲದಿಂದ ಎಡಕ್ಕೆ ಎಣಿಸುತ್ತಾ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಬೇಕು. ಗುಣಲಬ್ಧ ಎರಡಂಕಿಯದಾದರೆ ಅವೆರಡನ್ನೂ ಕೂಡಿ ಒಂದಂಕಿಗೆ ಇಳಿಸಬೇಕು. ಕಡೆಗೆ ಗುಣಿಸಿದವನ್ನೂ ಗುಣಿಸದೆ ಬಿಟ್ಟವನ್ನೂ ಒಟ್ಟಿಗೆ ಕೂಡಬೇಕು. ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾದರೆ ಸಂಖ್ಯೆಯ ರಚನೆ ಸರಿ ಇದೆ ಎಂದರ್ಥ. ಇದಕ್ಕೆ ಲೂನ್ ಪರೀಕ್ಷೆ ಎನ್ನುತ್ತಾರೆ.

ತಂತ್ರಾಂಶ ಬರೆಯುವವರು ಪ್ರಯೋಗಕ್ಕೆಂದೇ ಬಳಸುವ `4111 1111 1111 1111` ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಎರಡರಿಂದ ಗುಣಿಸಬೇಕಾದ ಎಂಟು ಅಂಕಿಗಳಲ್ಲಿ ಮೊದಲನೆಯದಾದ 4 ಎಂಬುದು 8 ಆಗುತ್ತದೆ, ಉಳಿದ ಏಳು ಒಂದುಗಳು ಸೇರಿ 14 ಆಗುತ್ತವೆ. ಗುಣಿಸದೆ ಉಳಿಯುವ ಎಂಟು ಒಂದುಗಳು ಸೇರಿ 8. ಒಟ್ಟು 30, ಅಂದರೆ ಸರಿ. ಯಾವುದಾದರೂ ಒಂದು ಅಂಕಿ ಬದಲಾದರೂ ಲೆಕ್ಕ ತಪ್ಪುತ್ತದೆ. ಈ ಪರೀಕ್ಷೆ ಬೆರಳಿನ ತಪ್ಪನ್ನು ಮಾತ್ರ ಹಿಡಿಯುತ್ತದೆ ಎಂಬುದನ್ನು ಗಮನಿಸಬೇಕು: ಮೇಲಿನ ಪ್ರಯೋಗದ ಸಂಖ್ಯೆ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಅದರ ಹಿಂದೆ ಖಾತೆಯಾಗಲಿ, ಮನುಷ್ಯರಾಗಲಿ ಇಲ್ಲ. ಹತ್ತರ ಲೆಕ್ಕಕ್ಕೆ ಸರಿಹೊಂದುವ ಸಂಖ್ಯೆಯನ್ನು ಕಾಗದದ ಮೇಲೆ ಯಾರು ಬೇಕಾದರೂ ಹುಟ್ಟಿಸಬಹುದು. ಆ ಸಂಖ್ಯೆಯ ಕಾರ್ಡ್ ಒಂದು ನಿಜವಾಗಿಯೂ ಚಾಲ್ತಿಯಲ್ಲಿದೆಯೇ ಎಂದು ಹೇಳಬಲ್ಲದ್ದು ಅದನ್ನು ಕೊಟ್ಟ ಬ್ಯಾಂಕ್ ಮಾತ್ರ. ಬ್ಯಾಂಕಿನಿಂದ ಆ ಉತ್ತರವನ್ನು ಪಡೆಯಲೆಂದೇ ಎರಡು ರೂಪಾಯಿಯನ್ನು ಕಳುಹಿಸಲಾಗುತ್ತದೆ.

ಓಟಿಪಿ ಪುಟ

ಸಂಖ್ಯೆ, ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಹಿಂಬದಿಯ ಮೂರಂಕಿಯ ಸಿವಿವಿಯನ್ನು ಕೊಟ್ಟ ಮೇಲೆ, ಕಾರ್ಡನ್ನು ಮುಂದಿನ ಪಾವತಿಗಳಿಗಾಗಿ ಇಟ್ಟುಕೊಳ್ಳಲು ಒಪ್ಪಿಗೆಯೇ ಎಂದು ಕೇಳುವ ಚಿಕ್ಕ ಚೌಕವೊಂದು ಕಾಣಿಸುತ್ತದೆ. ಅದಕ್ಕೆ ಗುರುತು ಹಾಕಿ ಮುಂದೆ ಹೋದರೆ ನಿಮ್ಮ ಬ್ಯಾಂಕಿನ ಪುಟ ತೆರೆದುಕೊಳ್ಳುತ್ತದೆ, ಮೊಬೈಲಿಗೆ ಓಟಿಪಿ ಬರುತ್ತದೆ. ಕೆಲವು ಬ್ಯಾಂಕುಗಳು ಓಟಿಪಿಯ ಬದಲಿಗೆ ತಮ್ಮ ಆ್ಯಪ್‌ನಲ್ಲೇ ಒಪ್ಪಿಗೆ ಕೇಳುತ್ತವೆ.

ಇಲ್ಲಿ ಒಂದು ಕ್ಷಣ ನಿಂತು ಸಂದೇಶವನ್ನು ಪೂರ್ತಿ ಓದಬೇಕು. ಮಾದರಿಗಾಗಿ ಹೀಗೊಂದು ಸಂದೇಶವಿದೆ ಎಂದಿಟ್ಟುಕೊಳ್ಳಿ:

```
OTP for txn of INR 2.00 at <merchant>
on card ending 4471 is ******.
Do not share with anyone.
```

ಇದರಲ್ಲಿ ನೋಡಬೇಕಾದ ಸಂಗತಿಗಳು ಎರಡೇ. ಮೊತ್ತ `2.00` ಅಥವಾ `1.00` ಎಂದು ಇದೆಯೇ, ಮತ್ತು ಹೆಸರಿನ ಜಾಗದಲ್ಲಿ ಇರುವುದು ನೀವು ಈಗ ಕಾರ್ಡ್ ಸೇವ್ ಮಾಡುತ್ತಿರುವ ಕಂಪನಿಯೇ ಅಥವಾ ಅದರ ಪರವಾಗಿ ಹಣ ಸ್ವೀಕರಿಸುವ ಪಾವತಿ ಸಂಸ್ಥೆಯೇ. ನಕಲಿ ಪುಟಗಳ ಹಳೆಯ ಚಾಳಿಯೆಂದರೆ ಪರದೆಯ ಮೇಲೆ ಎರಡು ರೂಪಾಯಿ ಎಂದು ತೋರಿಸಿ, ಹಿಂದಿನಿಂದ ಬೇರೆಲ್ಲೋ ಸಾವಿರಾರು ರೂಪಾಯಿಗೆ ಓಟಿಪಿ ತರಿಸುವುದು. ಪರದೆಯಲ್ಲಿ ಏನು ಬೇಕಾದರೂ ಬರೆಯಬಹುದು. ಬ್ಯಾಂಕಿನಿಂದ ಬರುವ ಸಂದೇಶದಲ್ಲಿರುವ ಮೊತ್ತವನ್ನು ಆ ಪುಟದವರು ಬದಲಾಯಿಸಲಾರರು. ಆತುರದಲ್ಲಿ ನಾವು ಆರು ಅಂಕಿಗಳನ್ನಷ್ಟೇ ಓದಿ ಸಂದೇಶವನ್ನು ಮುಚ್ಚಿಬಿಡುತ್ತೇವೆ, ಅಪಾಯ ಇರುವುದು ಆ ಅಭ್ಯಾಸದಲ್ಲಿ.

ಎರಡು ರೂಪಾಯಿ ಹೋಗಿಬರುವ ದಾರಿ

ಓಟಿಪಿ ಒತ್ತಿದ ಮೇಲೆ ಚಕ್ರ ತಿರುಗುವ ಮೂರು-ನಾಲ್ಕು ಸೆಕೆಂಡುಗಳಲ್ಲಿ ಸಾಕಷ್ಟು ಓಡಾಟ ನಡೆದಿರುತ್ತದೆ. ಟ್ಯಾಕ್ಸಿ ಕಂಪನಿಯ ಪಾವತಿ ಸಂಸ್ಥೆಯು "ಈ ಕಾರ್ಡಿನ ಮೇಲೆ ಎರಡು ರೂಪಾಯಿಗೆ ಅನುಮತಿ ಸಿಗುತ್ತದೆಯೇ" ಎಂಬ ವಿನಂತಿಯನ್ನು ಕಂಪನಿಯ ಬ್ಯಾಂಕಿನ ಮೂಲಕ ಕಾರ್ಡ್ ಜಾಲಕ್ಕೆ ಕಳುಹಿಸುತ್ತದೆ. ಜಾಲವೆಂದರೆ ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್. ಕಾರ್ಡ್ ಸಂಖ್ಯೆಯ ಆರಂಭದ ಅಂಕಿಗಳಿಂದ ಅದು ಯಾವ ಬ್ಯಾಂಕಿನದು ಎಂದು ಜಾಲಕ್ಕೆ ತಿಳಿಯುತ್ತದೆ, ವಿನಂತಿ ಅಲ್ಲಿಗೆ ಹೋಗುತ್ತದೆ. ಬ್ಯಾಂಕ್ ಹೌದು ಅಥವಾ ಇಲ್ಲ ಎನ್ನುತ್ತದೆ, ಉತ್ತರ ಬಂದ ದಾರಿಯಲ್ಲೇ ಮರಳುತ್ತದೆ.

ಉತ್ತರ ಕೊಡುವ ಮುನ್ನ ಬ್ಯಾಂಕ್ ನೋಡುವ ಸಂಗತಿಗಳು ಕೆಲವೇ: ಇಂಥ ಸಂಖ್ಯೆಯ ಕಾರ್ಡ್ ಕೊಟ್ಟಿದ್ದೇವೆಯೇ, ಅದು ಕಳೆದುಹೋಗಿದೆ ಎಂದು ಯಾರಾದರೂ ತಡೆಸಿದ್ದಾರೆಯೇ, ಅವಧಿ ಸರಿಯೇ, ಆನ್‌ಲೈನ್ ಸ್ವಿಚ್ ತೆರೆದಿದೆಯೇ, ಖಾತೆಯಲ್ಲಿ ಇಷ್ಟಾದರೂ ಹಣವಿದೆಯೇ, ಸಿವಿವಿ ತಾಳೆಯಾಗುತ್ತದೆಯೇ. ಇದರಲ್ಲಿ ಸಿವಿವಿಯ ಬಗೆ ಸ್ವಾರಸ್ಯಕರ. ಎಲ್ಲರ ಮೂರಂಕಿಗಳನ್ನು ಬರೆದಿಟ್ಟ ದೊಡ್ಡ ಪಟ್ಟಿಯನ್ನು ಬ್ಯಾಂಕ್ ಹುಡುಕಬೇಕಾಗಿಲ್ಲ. ಕಾರ್ಡ್ ಸಂಖ್ಯೆ ಮತ್ತು ಅವಧಿಯನ್ನು ತನ್ನ ಗುಪ್ತ ಕೀಲಿಯೊಂದಿಗೆ ಸೇರಿಸಿ ಅದು ಮೂರಂಕಿಯನ್ನು ಆ ಹೊತ್ತಿಗೆ ಮತ್ತೆ ಲೆಕ್ಕ ಹಾಕುತ್ತದೆ, ಬಂದ ಉತ್ತರವನ್ನು ನೀವು ಕೊಟ್ಟದ್ದರೊಂದಿಗೆ ಹೋಲಿಸುತ್ತದೆ. ಅವಧಿ ಆ ಲೆಕ್ಕದ ಒಂದು ಭಾಗವಾದ್ದರಿಂದ ಕಾರ್ಡ್ ನವೀಕರಣವಾದಾಗ ಹದಿನಾರು ಅಂಕಿಗಳು ಅವೇ ಉಳಿದರೂ ಸಿವಿವಿ ಬದಲಾಗುತ್ತದೆ.

ಚಿಕ್ಕಮ್ಮನ ಎರಡನೆಯ ಪ್ರಯತ್ನ ಅಂತಿಮವಾಗಿ ಬಿದ್ದದ್ದು ಇಲ್ಲಿಯೇ. ಸಂಖ್ಯೆಯನ್ನು ತಿದ್ದಿ ಒತ್ತಿದರು, ಓಟಿಪಿ ಬಂತು, ಸರಿಯಾಗಿಯೇ ನಮೂದಿಸಿದರು, ಆದರೂ "ನಿಮ್ಮ ಬ್ಯಾಂಕ್ ನಿರಾಕರಿಸಿದೆ" ಎಂಬ ಉತ್ತರ. "ಓಟಿಪಿ ಸರಿಯಾಗಿತ್ತಲ್ಲ, ಇನ್ನೇನು ಬೇಕಂತೆ?" ಎಂದು ಅವರಿಗೆ ಸಿಟ್ಟು ಬಂತು. ಓಟಿಪಿ ತೋರಿಸುವುದು ಆ ಮೊಬೈಲ್ ಸಂಖ್ಯೆ ಯಾರ ಕೈಯಲ್ಲಿದೆ ಎಂಬುದನ್ನು. ಸಿವಿವಿ ತೋರಿಸುವುದು ಕಾರ್ಡ್ ಕಣ್ಣೆದುರು ಇದೆ ಎಂಬುದನ್ನು. ಎರಡೂ ಬೇರೆ ಬೇರೆ ಪರೀಕ್ಷೆಗಳು, ಸಾಮಾನ್ಯವಾಗಿ ಎರಡನೆಯದು ಓಟಿಪಿಯ ನಂತರವೇ ನಡೆಯುತ್ತದೆ. ಕಾರ್ಡಿನ ಹಿಂಬದಿಯ ಅಕ್ಷರ ಪರ್ಸಿನೊಳಗೆ ಉಜ್ಜಿ ಉಜ್ಜಿ ಮಾಸಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಅವರು 3 ಎಂದು ಓದಿದ್ದ ಅಂಕಿ 8 ಆಗಿತ್ತು. ಮೂರನೆಯ ಪ್ರಯತ್ನ ಸಫಲವಾಯಿತು.

ಕಡಿತವೇ, ತಡೆಯೇ?

ಚಿಕ್ಕಮ್ಮನ ಖಾತೆಯಲ್ಲಿ ಮಂಗಳವಾರ ಸಂಜೆ 3,412 ರೂಪಾಯಿ 50 ಪೈಸೆ ಇತ್ತು. ಕಾರ್ಡ್ ಸೇವ್ ಆದ ಕ್ಷಣದಲ್ಲಿ ಅದು 3,410 ರೂಪಾಯಿ 50 ಪೈಸೆಗೆ ಇಳಿಯಿತು. ರಾತ್ರಿಯೊಳಗೆ ಆ್ಯಪ್‌ನಲ್ಲಿ "ಹಣ ಹಿಂದಿರುಗಿಸಲಾಗಿದೆ" ಎಂದು ಕಾಣಿಸಿತು, ಖಾತೆಯಲ್ಲಿ ಮಾತ್ರ ಬದಲಾವಣೆ ಇರಲಿಲ್ಲ. ಬುಧವಾರ ಇಲ್ಲ, ಗುರುವಾರ ಇಲ್ಲ. ಮುಂದಿನ ಸೋಮವಾರ ಎರಡು ರೂಪಾಯಿ ಜಮೆಯಾದ ಸಾಲು ಪಾಸ್‌ಬುಕ್ಕಿನಲ್ಲಿ ಬಂತು. ಅದೇ ವಾರ ನಾನು ನನ್ನ ಕ್ರೆಡಿಟ್ ಕಾರ್ಡನ್ನು ಬೇರೊಂದು ಕಡೆ ಸೇವ್ ಮಾಡಿದ್ದೆ. ಅಲ್ಲಿಯೂ ಎರಡು ರೂಪಾಯಿಯ ಸಂದೇಶ ಬಂದಿತ್ತು, ಆದರೆ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅದು ಹೋದದ್ದೂ ಇರಲಿಲ್ಲ, ಬಂದದ್ದೂ ಇರಲಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಸರಳ. ಕಾರ್ಡ್ ವ್ಯವಹಾರದಲ್ಲಿ ಎರಡು ಹಂತಗಳಿವೆ. ಮೊದಲನೆಯದು ಅನುಮತಿ: ಬ್ಯಾಂಕ್ ಆ ಮೊತ್ತವನ್ನು ಪಕ್ಕಕ್ಕೆ ಎತ್ತಿಡುತ್ತದೆ, ಯಾರಿಗೂ ಕೊಡುವುದಿಲ್ಲ. ಎರಡನೆಯದು ವಸೂಲಿ: ಕಂಪನಿ ಆ ಮೊತ್ತವನ್ನು ನಿಜವಾಗಿ ಕೇಳಿ ಪಡೆಯುತ್ತದೆ. ಕಾರ್ಡ್ ಪರಿಶೀಲನೆಗೆ ಮೊದಲ ಹಂತವೇ ಸಾಕು, ಏಕೆಂದರೆ ಕಂಪನಿಗೆ ಬೇಕಾಗಿದ್ದುದು ಬ್ಯಾಂಕಿನ "ಹೌದು" ಎಂಬ ಉತ್ತರವೇ ಹೊರತು ಎರಡು ರೂಪಾಯಿಯಲ್ಲ. ಹಾಗಾಗಿ ಅದು ಅನುಮತಿಯನ್ನು ರದ್ದು ಮಾಡುತ್ತದೆ, ಅಥವಾ ಸುಮ್ಮನೆ ಬಿಟ್ಟುಬಿಡುತ್ತದೆ. ಬಿಟ್ಟರೆ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಸತ್ತುಹೋಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಹೀಗೆ ರದ್ದಾದ ಅನುಮತಿ ಖರ್ಚಾಗಿಯೇ ಇಲ್ಲದ ಕಾರಣ ಸ್ಟೇಟ್‌ಮೆಂಟಿಗೆ ಏರುವುದೇ ಇಲ್ಲ; ಅಲ್ಲಿಯವರೆಗೆ ಬಳಸಲು ಉಳಿದಿರುವ ಮಿತಿಯಲ್ಲಿ ಎರಡು ರೂಪಾಯಿ ಕಡಿಮೆ ಕಾಣುತ್ತದೆ, ಅಷ್ಟೇ. ಡೆಬಿಟ್ ಕಾರ್ಡಿನಲ್ಲಿ ಅನೇಕ ಬ್ಯಾಂಕುಗಳು ಅನುಮತಿ ಕೊಟ್ಟ ಕೂಡಲೇ ಖಾತೆಯಿಂದ ಕಳೆದುಬಿಡುತ್ತವೆ, ಆದ್ದರಿಂದ ಅದು ಮರಳುವಾಗ ಪ್ರತ್ಯೇಕ ಜಮೆಯಾಗಿ ಬರಬೇಕಾಗುತ್ತದೆ.

ಕೆಲವು ಕಂಪನಿಗಳು ಮೊತ್ತವನ್ನು ವಸೂಲಿ ಮಾಡಿ, ಆಮೇಲೆ ಮರುಪಾವತಿಯಾಗಿ ಕಳುಹಿಸುತ್ತವೆ. ಆಗ ಕ್ರೆಡಿಟ್ ಕಾರ್ಡಿನಲ್ಲಿಯೂ ಹೋದದ್ದು, ಬಂದದ್ದು ಎರಡು ಸಾಲಾಗಿ ಕಾಣುತ್ತವೆ, ಮತ್ತು ಬರಲು ವಾರವೇ ಹಿಡಿಯಬಹುದು. ಅಪರೂಪಕ್ಕೆ ಹಿಂದಿರುಗಿಸುವುದೇ ಇಲ್ಲ, ಅದನ್ನು ಶುಲ್ಕವೆಂದೇ ಷರತ್ತುಗಳಲ್ಲಿ ಬರೆದಿರುತ್ತಾರೆ. ಸೇವ್ ಮಾಡುವ ಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಹಿಂದಿರುಗಿಸಲಾಗುವುದು" ಎಂದಿದೆಯೇ ಎಂದು ಓದಿಕೊಂಡರೆ ಮುಂದೆ ಕಾಯುವ ತಲೆನೋವು ಇರುವುದಿಲ್ಲ.

ಇಲ್ಲಿ ಅನೇಕರು ಗೊಂದಲ ಮಾಡಿಕೊಳ್ಳುವ ಒಂದು ನಿಯಮವಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಆನ್‌ಲೈನ್ ಕಾರ್ಡ್ ಪಾವತಿಯಲ್ಲಿ ಖಾತೆಯಿಂದ ಹಣ ಹೋಗಿ, ಮಾರುವವರ ಕಡೆ ದೃಢೀಕರಣ ಸಿಗದೇ ಹೋದರೆ, ಆ ದಿನದ ನಂತರದ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಸಲ್ಲಬೇಕು. ಇದು ವಿಫಲವಾದ ವ್ಯವಹಾರಕ್ಕೆ ಅನ್ವಯಿಸುವ ಮಾತು. ಚಿಕ್ಕಮ್ಮನ ಮೂರನೆಯ ಪ್ರಯತ್ನ ವಿಫಲವಾಗಿರಲಿಲ್ಲ. ಸಫಲವಾದ ಮೇಲೆ ಕಂಪನಿ ತಾನಾಗಿ ಹಿಂದಿರುಗಿಸಿದ ಹಣ ಅದು. ಹಾಗಾಗಿ ಆರನೆಯ ದಿನ ಬಂದ ಎರಡು ರೂಪಾಯಿಗೆ ನೂರು ರೂಪಾಯಿ ಪರಿಹಾರ ಕೇಳಲು ಬರುವುದಿಲ್ಲ. (ಲೆಕ್ಕ ಹಾಕಿ ನೋಡಿ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು.) ಆದರೆ ಎರಡನೆಯ ಪ್ರಯತ್ನದಂತೆ ಪರದೆಯ ಮೇಲೆ ನಿರಾಕರಣೆ ಬಂದು, ಖಾತೆಯಿಂದಲೂ ಹಣ ಹೋಗಿದ್ದರೆ, ಆಗ ನಿಯಮ ನಿಮ್ಮ ಪರವಾಗಿದೆ. ವಿಚಾರಿಸುವಾಗ ವ್ಯವಹಾರದ ಹನ್ನೆರಡಂಕಿಯ `RRN` ಸಂಖ್ಯೆಯನ್ನು ಬ್ಯಾಂಕಿಗೆ ಕೊಡಿ, ಅದಿದ್ದರೆ ಹುಡುಕುವುದು ಅವರಿಗೆ ಸುಲಭ. ಈ ಸಂಖ್ಯೆಗಾಗಿ ಬ್ಯಾಂಕಿನ ಸಂದೇಶ ಅಥವಾ ಸ್ಟೇಟ್‌ಮೆಂಟಿನ ವಿವರ ನೋಡಿ. ಸಹಾಯವಾಣಿಯ ಫೋನ್ ಸಂಖ್ಯೆಯನ್ನಾದರೋ ಅಂತರ್ಜಾಲದಲ್ಲಿ ಹುಡುಕದೆ ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಿ.

ಸೊನ್ನೆ ರೂಪಾಯಿ ಏಕಲ್ಲ?

ಹಣ ಬೇಡವೆಂದಾದರೆ ಸೊನ್ನೆ ರೂಪಾಯಿಗೇ ಅನುಮತಿ ಕೇಳಬಹುದಲ್ಲ ಎಂದು ಅನ್ನಿಸುವುದು ಸಹಜ. ಅಂಥ ವ್ಯವಸ್ಥೆ ಇದೆ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಮೊತ್ತವಿಲ್ಲದೆ ಕಾರ್ಡಿನ ಸ್ಥಿತಿಯನ್ನಷ್ಟೇ ವಿಚಾರಿಸುವ ಸಂದೇಶವನ್ನು ಕಳುಹಿಸಬಹುದು. ಆದರೆ ಪ್ರತಿಯೊಂದು ಬ್ಯಾಂಕಿನ ವ್ಯವಸ್ಥೆಯೂ ಸೊನ್ನೆಯ ವಿನಂತಿಗೆ ಸರಿಯಾಗಿ ಉತ್ತರಿಸುವುದಿಲ್ಲ; ಕೆಲವು ಅದನ್ನು ದೋಷವೆಂದು ತಿಳಿದು ತಿರಸ್ಕರಿಸುತ್ತವೆ, ಆಗ ಒಳ್ಳೆಯ ಕಾರ್ಡೂ ಕೆಟ್ಟದೆನಿಸುತ್ತದೆ. ಒಂದು ಅಥವಾ ಎರಡು ರೂಪಾಯಿಯ ವಿನಂತಿ ಎಲ್ಲ ಬ್ಯಾಂಕಿಗೂ ಪರಿಚಿತವಾದ ಸಾಮಾನ್ಯ ಖರೀದಿಯಂತೆಯೇ ಇರುತ್ತದೆ, ನಾಳೆ ನಿಜವಾದ ಬಿಲ್ಲು ಹೋಗಬೇಕಾದ ದಾರಿಯನ್ನೇ ಪೂರ್ತಿ ತುಳಿದು ಬರುತ್ತದೆ. ಸಾಗುವಳಿಗೆ ಮುನ್ನ ಹೊಸ ಕಾಲುವೆಗೆ ಒಂದು ಕೊಡ ನೀರು ಬಿಟ್ಟು ನೋಡಿದಂತೆ.

ಹಾಗಿದ್ದರೂ ಈ ಪರೀಕ್ಷೆ ಹೇಳುವುದು ಇಂದಿನ ಮಾತನ್ನು ಮಾತ್ರ. ಖಾತೆಯಲ್ಲಿ ಎರಡು ರೂಪಾಯಿ ಇದ್ದರೆ ಸಾಕು, ತೇರ್ಗಡೆಯಾಗುತ್ತದೆ. ಶುಕ್ರವಾರ ನಾನೂರೈವತ್ತು ರೂಪಾಯಿಯ ಬಾಡಿಗೆಗೆ ಹಣ ಇರುತ್ತದೆಯೇ ಎಂಬ ಖಾತರಿ ಅದರಲ್ಲಿಲ್ಲ. ಭಾರತದಲ್ಲಿ ಕಾರ್ಡುದಾರರ ಹೆಸರು ಸರಿಯೇ ಎಂಬುದನ್ನೂ ಇದು ಸಾಮಾನ್ಯವಾಗಿ ಪರೀಕ್ಷಿಸುವುದಿಲ್ಲ. ಅಮೆರಿಕದಲ್ಲಿರುವ ನಮ್ಮವರ ಅನುಭವ ಸ್ವಲ್ಪ ಬೇರೆ. ಅಲ್ಲಿ ಕಾರ್ಡ್ ಸೇವ್ ಮಾಡುವಾಗ ಸಾಮಾನ್ಯವಾಗಿ ಓಟಿಪಿ ಬರುವುದಿಲ್ಲ. ಬದಲಿಗೆ ಮನೆಯ ವಿಳಾಸ ಅಥವಾ ಜಿಪ್ ಕೋಡ್ ಕೇಳಿ, ಅದನ್ನು ಬ್ಯಾಂಕಿನ ದಾಖಲೆಯೊಂದಿಗೆ ಹೋಲಿಸುತ್ತಾರೆ. ಊರಿನಿಂದ ಹೋದ ತಂದೆ-ತಾಯಿಯ ಭಾರತದ ಕಾರ್ಡನ್ನು ಅಲ್ಲಿನ ಪೆಟ್ರೋಲ್ ಬಂಕಿನ ಯಂತ್ರ ಜಿಪ್ ಕೋಡ್ ಕೇಳಿ ತಿರಸ್ಕರಿಸುವುದಕ್ಕೆ ಕಾರಣವೂ ಇದೇ: ನಮ್ಮ ಪಿನ್‌ಕೋಡ್ ಆ ಯಂತ್ರದ ಐದಂಕಿಯ ಪೆಟ್ಟಿಗೆಗೆ ಹಿಡಿಸುವುದಿಲ್ಲ. ಒಳಗೆ ಹೋಗಿ ಕೌಂಟರಿನಲ್ಲಿ ಪಾವತಿಸುವುದೇ ಅದಕ್ಕೆ ಪರಿಹಾರ.

ಸೇವ್ ಆದದ್ದು ಏನು?

ಪರಿಶೀಲನೆ ಮುಗಿದ ಮೇಲೆ ಟ್ಯಾಕ್ಸಿ ಕಂಪನಿಯ ಬಳಿ ಚಿಕ್ಕಮ್ಮನ ಹದಿನಾರು ಅಂಕಿಗಳು ಉಳಿಯುವುದಿಲ್ಲ. 2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ಕಾರ್ಡ್ ಜಾಲವನ್ನು ಬಿಟ್ಟು ಬೇರಾರೂ ಕಾರ್ಡ್ ಸಂಖ್ಯೆಯನ್ನು ಸಂಗ್ರಹಿಸಿಡುವಂತಿಲ್ಲ. ಗುರುತಿಗಾಗಿ ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರನ್ನು ಇಟ್ಟುಕೊಳ್ಳಬಹುದು. ಸಂಖ್ಯೆಯ ಬದಲಿಗೆ ಟೋಕನ್ ಎಂಬ ಬೇರೊಂದು ಸಂಖ್ಯೆ ಹುಟ್ಟುತ್ತದೆ. ಅದು ಆ ಕಾರ್ಡಿಗೆ ಮತ್ತು ಆ ಕಂಪನಿಗೆ ಮಾತ್ರ ಸೇರಿದ್ದು, ಕದ್ದು ಬೇರೆ ಅಂಗಡಿಯಲ್ಲಿ ಬಳಸಿದರೆ ಕೆಲಸಕ್ಕೆ ಬಾರದು. ಟೋಕನ್ ಹುಟ್ಟಲು ಕಾರ್ಡುದಾರರ ಸ್ಪಷ್ಟ ಒಪ್ಪಿಗೆ ಮತ್ತು ಹೆಚ್ಚುವರಿ ದೃಢೀಕರಣ ಎರಡೂ ಕಡ್ಡಾಯ. ಎರಡು ರೂಪಾಯಿಗಾಗಿ ನೀವು ಒತ್ತುವ ಒಂದೇ ಓಟಿಪಿ ಪರಿಶೀಲನೆಗೂ ಟೋಕನ್ ಒಪ್ಪಿಗೆಗೂ ಸಾಕಾಗುತ್ತದೆ. ಸಿವಿವಿಯನ್ನು ಅನುಮತಿ ದೊರೆತ ಮೇಲೆ ಯಾರೂ ಉಳಿಸಿಕೊಳ್ಳುವಂತಿಲ್ಲ.

ಚಂದಾದಾರಿಕೆಯ ಸೇವೆಗೆ ಕಾರ್ಡ್ ಸೇವ್ ಮಾಡುವಾಗ ಇನ್ನೊಂದು ಎಚ್ಚರ ಬೇಕು. "ಮೊದಲ ತಿಂಗಳು ಉಚಿತ, ಈಗ ಎರಡು ರೂಪಾಯಿ ಮಾತ್ರ" ಎಂಬ ಕಡೆ, ಆ ಎರಡು ರೂಪಾಯಿಯ ಓಟಿಪಿಯೊಂದಿಗೆ ಪ್ರತಿ ತಿಂಗಳೂ ಹಣ ತೆಗೆಯುವ ಇ-ಮ್ಯಾಂಡೇಟ್ ಕೂಡ ನೋಂದಣಿಯಾಗಬಹುದು. ಬ್ಯಾಂಕಿನ ಓಟಿಪಿ ಪುಟದಲ್ಲಿ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಎಂದಿನವರೆಗೆ ಎಂಬ ವಿವರಗಳು ಕಾಣಿಸಿದರೆ ಅದು ಬರಿಯ ಪರಿಶೀಲನೆಯಲ್ಲ ಎಂದು ತಿಳಿಯಬೇಕು. ಆ ಬಳಿಕ ಸಾಮಾನ್ಯ ಚಂದಾಗಳಿಗೆ 15,000 ರೂಪಾಯಿಯವರೆಗಿನ ಕಂತು ಮತ್ತೆ ಓಟಿಪಿ ಕೇಳದೆಯೇ ಹೋಗಬಹುದು. ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಒಂದು ಮುನ್ಸೂಚನೆ ಬರುತ್ತದೆ, ಬೇಡವಾದರೆ ಆಗ ನಿಲ್ಲಿಸಬಹುದು.

ನೀವು ಕೇಳದೆ ಬಂದ ಎರಡು ರೂಪಾಯಿ

ಇದುವರೆಗೆ ಹೇಳಿದ್ದು ನೀವೇ ಆರಂಭಿಸಿದ ಪರಿಶೀಲನೆಯ ಕಥೆ. ನೀವು ಎಲ್ಲಿಯೂ ಕಾರ್ಡ್ ಸೇವ್ ಮಾಡದೇ ಇದ್ದಾಗ ಒಂದೆರಡು ರೂಪಾಯಿಯ ಅಥವಾ ಒಂದು ಡಾಲರಿನ ಕಡಿತ ಕಂಡರೆ ಅದನ್ನು ಕಡೆಗಣಿಸಬೇಡಿ. ಕದ್ದ ಕಾರ್ಡ್ ಸಂಖ್ಯೆಗಳ ಕಂತೆಯನ್ನು ಕೊಂಡವರು ಅದರಲ್ಲಿ ಯಾವುದು ಜೀವಂತ ಎಂದು ತಿಳಿಯಲು ಇದೇ ಉಪಾಯವನ್ನು ಬಳಸುತ್ತಾರೆ: ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಮೊತ್ತ ಕೇಳುವುದು, ಹೌದೆಂದು ಬಂದ ಕಾರ್ಡಿನಲ್ಲಿ ಆಮೇಲೆ ದೊಡ್ಡದಕ್ಕೆ ಕೈ ಹಾಕುವುದು. ಟ್ಯಾಕ್ಸಿ ಕಂಪನಿ ಕೇಳುವ ಪ್ರಶ್ನೆಯನ್ನೇ ಕಳ್ಳನೂ ಕೇಳುತ್ತಾನೆ, ಬ್ಯಾಂಕ್ ಇಬ್ಬರಿಗೂ ಒಂದೇ ಉತ್ತರ ಕೊಡುತ್ತದೆ.

ದೇಶದೊಳಗಿನ ಮಾರಾಟಗಾರರ ಬಳಿ ಓಟಿಪಿಯಿಲ್ಲದೆ ಇದು ಸುಲಭವಲ್ಲ. ವಿದೇಶಿ ತಾಣಗಳಲ್ಲಿ ಬಹುಪಾಲು ಓಟಿಪಿ ಕೇಳದೆಯೇ ವ್ಯವಹಾರ ನಡೆಯುವುದರಿಂದ ಪರೀಕ್ಷೆ ಅಲ್ಲಿಂದ ಬರುವ ಸಂಭವ ಹೆಚ್ಚು. ಆದ್ದರಿಂದ ವಿದೇಶಿ ಬಳಕೆಯ ಸ್ವಿಚ್ಚನ್ನು ಬೇಕಾದ ದಿನ ಮಾತ್ರ ತೆರೆಯಿರಿ. ಅಪರಿಚಿತ ಸಣ್ಣ ಕಡಿತ ಕಂಡ ಕೂಡಲೇ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡನ್ನು ತಡೆಹಿಡಿಯಿರಿ, ನಂತರ ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ನಿಮ್ಮ ಮೇಲೆ ಬರುವುದಿಲ್ಲ. ದೊಡ್ಡ ಮೊತ್ತ ಹೋದ ಮೇಲೆ ದಿನ ಎಣಿಸುವ ಬದಲು ಎರಡು ರೂಪಾಯಿಯ ಹಂತದಲ್ಲೇ ಹೇಳಿಬಿಟ್ಟರೆ ಮುಂದಿನದೇ ತಪ್ಪುತ್ತದೆ. ಹಣ ಈಗಾಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೂ ಕರೆ ಮಾಡಿ. ಕಾರ್ಡನ್ನು ಬದಲಾಯಿಸಿಕೊಳ್ಳುವುದೂ ಅಗತ್ಯ, ಏಕೆಂದರೆ ಸಂಖ್ಯೆ ಹೊರಗೆ ಹೋಗಿದೆ. ತಡೆ ತೆಗೆದ ದಿನ ಅದು ಮತ್ತೆ ಅವರಿಗೆ ಉಪಯೋಗಕ್ಕೆ ಬರುತ್ತದೆ.

ಎಲ್ಲೆಲ್ಲಿ ಕಾರ್ಡ್ ಸೇವ್ ಮಾಡಿದ್ದೀರಿ ಎಂಬುದು ನೆನಪಿಲ್ಲದಿದ್ದರೆ, ಬ್ಯಾಂಕಿನ ಆ್ಯಪ್ ಅಥವಾ ಜಾಲತಾಣದಲ್ಲಿ ಟೋಕನ್‌ಗಳ ಪಟ್ಟಿ ಸಿಗುತ್ತದೆ. ಬೇಡವಾದುದನ್ನು ಅಲ್ಲಿಂದಲೇ ಅಳಿಸಬಹುದು. ನಾನು ನೋಡಿದಾಗ ಚಿಕ್ಕಮ್ಮನ ಪಟ್ಟಿಯಲ್ಲಿ ಟ್ಯಾಕ್ಸಿ ಕಂಪನಿಯೊಂದೇ ಇತ್ತು. ಅವರ ಕಾರ್ಡಿನ ಅವಧಿ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ. ಹೊಸ ಕಾರ್ಡಿಗೆ ಟೋಕನ್ ಜೋಡಿಸಲು ಮತ್ತೆ ಅವರ ಒಪ್ಪಿಗೆ ಬೇಕಾಗುತ್ತದೆ, ಮತ್ತೆ ಎರಡು ರೂಪಾಯಿಯ ಸಂದೇಶ ಬಂದೀತು. ಆ ಹೊತ್ತಿಗೆ ಓದಲು ಸುಲಭವಾಗಲೆಂದು, ಹೊಸ ಕಾರ್ಡ್ ಬಂದ ದಿನವೇ ಅದನ್ನು ಪರ್ಸಿನಲ್ಲಿ ಬಿಡಿಯಾಗಿ ಇಡದೆ ಪ್ಲಾಸ್ಟಿಕ್ ಕವರಿಗೆ ಹಾಕುವುದಾಗಿ ಅವರು ಹೇಳಿದ್ದಾರೆ.